ಅಪ್ಪನ ಹೆಸರು ದ್ಯಾವಪ್ಪ, ದೇವಪ್ಪ ಅಲ್ಲ

ಇವತ್ತು ಅಪ್ಪನ ಪಹಣಿ ಸರಿಯಾಗಿ ಬಂತು. ಖುಷಿ ಇದೆ, ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ಕೈಬರಹದ ಹಳೇ ಪಹಣಿಯಲ್ಲಿ ಅಪ್ಪನ ಹೆಸರು 'ದ್ಯಾವಪ್ಪ' ಅಂತಲೇ ಇತ್ತು. ಭೂಮಿ ಯೋಜನೆಯಲ್ಲಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಯಾರೋ 'ದೇವಪ್ಪ' ಅಂತ ಟೈಪ್ ಮಾಡಿದ್ದಾರೆ. ಆಧಾರ್‌ನಲ್ಲಿ ದ್ಯಾವಪ್ಪ, ಪಹಣಿಯ 9ನೇ ಕಾಲಂನಲ್ಲಿ ದೇವಪ್ಪ. ಬೆಳೆ ಸಾಲಕ್ಕೆ ಹೋದಾಗ ಅಲ್ಲೇ ತಡೆದರು.

ತಪ್ಪು ಮಾಡಿದ್ದು ಅವರು, ಸಾಕ್ಷಿ ತರಬೇಕಾದವರು ನಾವು. ಮೊದಲು ಅಫಿಡವಿಟ್ ಮಾಡಿಸಿ ಅಂದರು, ಮಾಡಿಸಿದೆವು. ಅದೊಂದರಿಂದ ಕೆಲಸ ಆಗಲ್ಲ ಅಂತ ಆಮೇಲೆ ಗೊತ್ತಾಯಿತು. ಅಫಿಡವಿಟ್ ನಮ್ಮ ಮಾತು ಅಷ್ಟೇ. ಹೆಸರು ಮೊದಲು ಎಲ್ಲಿ ಕೆಟ್ಟಿತು ಅನ್ನೋದನ್ನು ದಾಖಲೆಯೇ ಹೇಳಬೇಕು.

ಅದನ್ನು ಹುಡುಕುವ ದಾರಿ ಪಹಣಿಯಲ್ಲೇ ಇದೆ. 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಅಂತ ಬರೆದು ಎಂಆರ್ ನಂಬರ್, ಅಂದರೆ ಹಕ್ಕು ಬದಲಾವಣೆ ದಾಖಲಿಸುವ ಮ್ಯುಟೇಷನ್ ರಿಜಿಸ್ಟರಿನ ನಂಬರ್ ಕೊಟ್ಟಿರುತ್ತಾರೆ. ನಮ್ಮದು ಅಣ್ತಮ್ಮಂದಿರ ವಿಭಾಗದ ಮ್ಯುಟೇಷನ್. ಆ ನಂಬರ್ ಹಿಡಿದು ರೆಕಾರ್ಡ್ ರೂಮಿನಿಂದ ಮ್ಯುಟೇಷನ್ ರಿಜಿಸ್ಟರಿನ ನಕಲು ತೆಗೆಸಿದೆವು, ಜೊತೆಗೆ ಕೈಬರಹದ ಪಹಣಿಯನ್ನೂ. ಎರಡರಲ್ಲೂ ದ್ಯಾವಪ್ಪ! ಅಂದರೆ ತಪ್ಪು ಟೈಪಿಂಗಿನದು. ಕ್ರಯಪತ್ರದಲ್ಲೇ ತಪ್ಪು ಹೆಸರಿದ್ದರೆ ಕಥೆ ಬೇರೆ. ಆಗ ಮೊದಲು ಸಬ್‌ರಿಜಿಸ್ಟ್ರಾರ್ ಹತ್ತಿರ ತಿದ್ದುಪಡಿ ಪತ್ರ ನೋಂದಾಯಿಸಬೇಕು. ಪಹಣಿಯ ಮಾತು ಅದಾದ ಮೇಲೆ.

ನಕಲುಗಳನ್ನು ಇಟ್ಟು ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು. ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು ದ್ಯಾವಪ್ಪ, ದೇವಪ್ಪ ಇಬ್ಬರೂ ಒಬ್ಬರೇ ಅಂತ ಮಹಜರು ಬರೆದರು. ರೆವಿನ್ಯೂ ಇನ್ಸ್‌ಪೆಕ್ಟರ್ ವರದಿ ಹೋಯಿತು, ಆದೇಶ ಆಯಿತು. ಆದೇಶ ಕೈಗೆ ಬಂತು ಅಂತ ಸುಮ್ನೆ ಕೂತಿದ್ದು ನಮ್ಮ ತಪ್ಪು. ಅದನ್ನು ಭೂಮಿ ತಂತ್ರಾಂಶದಲ್ಲಿ ಏರಿಸಿರಲೇ ಇಲ್ಲ. ಹೊಸ ಪಹಣಿ ತೆಗೆಸಿದಾಗ ಮತ್ತೆ ದೇವಪ್ಪ! ಇನ್ನೊಂದಷ್ಟು ದಿನ ಓಡಾಟ.

ಹೆಸರು ತಿದ್ದೋದು ಸುಲಭ ಮಾಡಿದರೆ ಯಾರ್‍ಯಾರೋ ಜಮೀನು ಹೊಡೀತಾರೆ ಅಂತ ಗೆಳೆಯನೊಬ್ಬ ಹೇಳಿದ. ಸರಿ, ಪರಿಶೀಲನೆ ಬೇಡ ಅಂದವರು ಯಾರು? ಆದರೆ ಕೈಬರಹದ ಪಹಣಿ ಇರೋದು ಅದೇ ಕಚೇರಿಯಲ್ಲಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡೋ ಕೆಲಸ ಅವರದಲ್ವಾ? ಅದಕ್ಕೆ ಎಪ್ಪತ್ತು ದಾಟಿದ ರೈತ ಯಾಕೆ ಬಸ್ಸು ಹತ್ತಬೇಕು?

ಒಂದು ಮಾತು ಒಪ್ಪಿಕೊಳ್ಳಬೇಕು. ಸಾಕಾಗಿ ಒಂದು ದಿನ ನಾನೇ, "ಅಪ್ಪಾ, ಆಧಾರ್‌ನಲ್ಲೇ ದೇವಪ್ಪ ಅಂತ ಮಾಡಿಸಿಬಿಡೋಣ" ಅಂದಿದ್ದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ದ್ಯಾವಪ್ಪ ಅನ್ನೋದು ನಮ್ಮಜ್ಜನ ಹೆಸರು ಕಣೋ" ಅಂದರು.

ಇವತ್ತು ಬಸ್ಸಿನಲ್ಲಿ ಆ ಪಹಣಿಯನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡೇ ಊರಿಗೆ ಬಂದರು.