53 ಭಾಗ ಕಾಫಿ, 47 ಭಾಗ ಚಿಕೋರಿ

ನಿನ್ನೆ ಶಿರಸಿ ಪೇಟೆಯ ಒಂದು ಅಂಗಡಿಯಲ್ಲಿ ನಿಂತು ಕಾಲು ತಾಸು ವಾದ ಮಾಡಿ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಇದು ಸ್ವಲ್ಪ ಉದ್ದ ಆಗುತ್ತದೆ, ಓದಿ.

ನನ್ನ ಮುಂದೆ ವಯಸ್ಸಾದ ಒಬ್ಬರು ಅಮ್ಮ ಎರಡು ಕಾಫಿ ಪುಡಿ ಪೊಟ್ಟಣ ಹಿಡಿದು ನಿಂತಿದ್ದರು. ಎರಡೂ ಅರ್ಧ ಕಿಲೋದವು. ಒಂದಕ್ಕೆ 300 ರೂಪಾಯಿ, ಇನ್ನೊಂದಕ್ಕೆ 380. "ಎಂತ ಫರಕು ತಮಾ ಇದಕ್ಕೂ ಅದಕ್ಕೂ?" ಎಂದು ಕೇಳಿದರು. ಅಂಗಡಿಯವರು ಪೊಟ್ಟಣದ ಕಡೆ ನೋಡಲೂ ಇಲ್ಲ. "ಎರಡೂ ಕಾಫಿನೇ ಅಮ್ಮಾ. ಇದು 80 ರೂಪಾಯಿ ಕಡಿಮೆ, ಡಿಕಾಕ್ಷನ್ನೂ ಗಟ್ಟಿ ಬರ್ತದೆ" ಎಂದರು. ಅಮ್ಮ 300ರದ್ದನ್ನೇ ಚೀಲಕ್ಕೆ ಹಾಕಿಕೊಂಡರು.

ಎರಡೂ ಕಾಫಿಯಲ್ಲ! 300ರ ಪೊಟ್ಟಣದ ಹಿಂದೆ 53 ಭಾಗ ಕಾಫಿ, 47 ಭಾಗ ಚಿಕೋರಿ ಎಂದು ಬರೆದಿತ್ತು. 380ರದ್ದರಲ್ಲಿ 80 ಮತ್ತು 20. ಇದನ್ನು ಬರೆಯಲೇಬೇಕು ಎಂದು ಆಹಾರ ಸುರಕ್ಷತೆಯ ನಿಯಮ ಇದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು ಎಂದೂ ಇದೆ. ಅಂದರೆ ಆ ಪೊಟ್ಟಣ ನಿಯಮದ ಅಂಚಿನಲ್ಲೇ ನಿಂತಿದೆ. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ತೆಗೆದುಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಲೆಕ್ಕ ಪುಸ್ತಕ ಬರೆದೇ ಇಪ್ಪತ್ತು ವರ್ಷ ಬದುಕಿದವನು ನಾನು, ನಿಮಗೆ ಗೊತ್ತು. ಮನೆಗೆ ಬಂದವನೇ ಕಾಗದ ಹಿಡಿದು ಕುಳಿತೆ.

ಮೊದಲು ಚಿಕೋರಿಯ ಬೆಲೆ ಬೇಕು. ಚಿಕೋರಿ ಎಂದರೆ ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಪೇಟೆಯಲ್ಲಿ ಕಾಫಿ ಹುರಿದು ಬೀಸಿ ಕೊಡುವವರ ಹತ್ತಿರ ಬಿಡಿ ಚಿಕೋರಿ ಕೇಳಿದೆ, ಕಿಲೋಗೆ 200 ಎಂದರು.

ಈಗ 300ರ ಪೊಟ್ಟಣ ಬಿಡಿಸೋಣ. 500 ಗ್ರಾಂನಲ್ಲಿ ಚಿಕೋರಿ 235 ಗ್ರಾಂ, ಅದರ ಬೆಲೆ 47 ರೂಪಾಯಿ. ಉಳಿದ 253 ರೂಪಾಯಿ ನೀವು ಕೊಟ್ಟದ್ದು 265 ಗ್ರಾಂ ಕಾಫಿಗೆ. ಕಿಲೋ ಲೆಕ್ಕದಲ್ಲಿ ಆ ಕಾಫಿಗೆ ಸುಮಾರು 955 ರೂಪಾಯಿ ಬಿತ್ತು. 380ರ ಪೊಟ್ಟಣದಲ್ಲಿ ಚಿಕೋರಿ 100 ಗ್ರಾಂ, 20 ರೂಪಾಯಿ. ಉಳಿದ 360 ರೂಪಾಯಿಗೆ 400 ಗ್ರಾಂ ಕಾಫಿ. ಕಿಲೋಗೆ 900.

ನೋಡಿದಿರಾ? ಅಗ್ಗದ ಪೊಟ್ಟಣದ ಒಳಗಿನ ಕಾಫಿಯೇ ತುಟ್ಟಿ. ಆ ಅಮ್ಮ 80 ರೂಪಾಯಿ ಉಳಿಸಿದೆ ಎಂದುಕೊಂಡು ಹೋದರು. ಉಳಿಸಿದ್ದು ಕಾಫಿಯ ದುಡ್ಡಲ್ಲ. ಕಾಫಿಯನ್ನೇ ಕಡಿಮೆ ಕೊಂಡರು, ಅದನ್ನೂ ಜಾಸ್ತಿ ದರಕ್ಕೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈ ಲೆಕ್ಕ ಚಿಕೋರಿಯ ಬೆಲೆಯ ಮೇಲೆ ನಿಂತಿದೆ. ಚಿಕೋರಿ 300 ರೂಪಾಯಿ ಆಗಿದ್ದರೆ ಎರಡೂ ಪೊಟ್ಟಣದ ಕಾಫಿ 870ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಾಗಾಗಿ ನಿಮ್ಮೂರಲ್ಲಿ ಬಿಡಿ ಚಿಕೋರಿ ಎಷ್ಟು ಎಂದು ಕೇಳದೆ ಲೆಕ್ಕಕ್ಕೆ ಕೂರಬೇಡಿ. ಇನ್ನೊಂದು, ಒಳಗಿರುವುದು ಅರೇಬಿಕಾವೋ ರೋಬಸ್ಟಾವೋ ಎಂಬುದು ಈ ಲೆಕ್ಕಕ್ಕೆ ಕಾಣುವುದಿಲ್ಲ. ಅರೇಬಿಕಾ ಬೀಜವೇ ತುಟ್ಟಿ. ಎರಡು ಪೊಟ್ಟಣದಲ್ಲೂ 80:20 ಎಂದಿದ್ದು, ಒಂದರ ಬೆಲೆ ಬಹಳ ಜಾಸ್ತಿ ಇದ್ದರೆ ಬೀಜ ಯಾವುದು ಎಂದು ಕೇಳಿ. ಎಷ್ಟೋ ಪೊಟ್ಟಣದ ಮೇಲೆ ಅದನ್ನು ಹಾಕಿರುವುದೇ ಇಲ್ಲ.

ಕಾರವಾರದಲ್ಲಿರುವ ನನ್ನ ಭಾವನಿಗೆ ರಾತ್ರಿ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ನಿಂದು ಬರೀ ಕಿಲೋ ಲೆಕ್ಕ ಮಾರಾಯಾ. ಚಿಕೋರಿ ಇದ್ರೆ ಪುಡಿ ಕಡಿಮೆ ಸಾಕು. ಲೋಟದ ಲೆಕ್ಕ ಹೇಳು" ಎಂದ. ಸರಿ, ಲೋಟದ ಲೆಕ್ಕವನ್ನೇ ಮಾಡೋಣ.

ನಮ್ಮ ಮನೆಯ ಸ್ಟೀಲ್ ಫಿಲ್ಟರಿಗೆ 20 ಗ್ರಾಂ ಪುಡಿ. ಅಳೆದೇ ಹಾಕಿದೆ. ಮೇಲಿಂದ ಸುಮಾರು 190 ಮಿಲಿ ಕುದಿ ನೀರು. ಪುಡಿ ಒಂದಷ್ಟು ನೀರು ಕುಡಿದು ಕೆಳಗೆ 150 ಮಿಲಿ ಡಿಕಾಕ್ಷನ್ ಇಳಿಯುತ್ತದೆ. ಲೋಟಕ್ಕೆ 50 ಮಿಲಿ ಡಿಕಾಕ್ಷನ್, 100 ಮಿಲಿ ಹಾಲು. ಹೀಗೆ ಮೂರು ಲೋಟ. ಅಗ್ಗದ ಪುಡಿ 20 ಗ್ರಾಂಗೆ 12 ರೂಪಾಯಿ, ಅಂದರೆ ಲೋಟಕ್ಕೆ 4. ಇನ್ನೊಂದು 15 ರೂಪಾಯಿ 20 ಪೈಸೆ, ಲೋಟಕ್ಕೆ 5 ರೂಪಾಯಿ 7 ಪೈಸೆ. ಹಾಲು ನಮಗೆ ಲೀಟರಿಗೆ 50 ಬೀಳುತ್ತದೆ, ಲೋಟಕ್ಕೆ 5 ರೂಪಾಯಿ. ಸಕ್ಕರೆ 40 ಪೈಸೆ. ಒಟ್ಟು ಒಂದು ಲೋಟ 9 ರೂಪಾಯಿ 40 ಪೈಸೆ, ಇನ್ನೊಂದು 10 ರೂಪಾಯಿ 47 ಪೈಸೆ.

ಒಂದು ರೂಪಾಯಿ ಏಳು ಪೈಸೆ ಫರಕು. ದಿನಕ್ಕೆ ಎಂಟು ಲೋಟ ಆಗುವ ಮನೆಗೆ ತಿಂಗಳಿಗೆ ಸುಮಾರು 256 ರೂಪಾಯಿ. ಇದು ಸಣ್ಣ ದುಡ್ಡು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಲೋಟದಲ್ಲಿ ಮೂರೂವರೆ ಗ್ರಾಂ ಕಾಫಿ ಇದೆ, ಇನ್ನೊಂದರಲ್ಲಿ ಐದೂಕಾಲು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಎರಡನ್ನೂ ಒಂದೇ ಲೋಟ ಎಂದು ಎಣಿಸುವುದು ಹೇಗೆ?

ಭಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹುರಿದ ಕಾಫಿ ಪುಡಿಯಲ್ಲಿ ನೀರಿಗೆ ಬಿಡುವ ಅಂಶ ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ಚರಟವಾಗಿ ಫಿಲ್ಟರಿನಲ್ಲೇ ನಿಲ್ಲುತ್ತದೆ. ಚಿಕೋರಿ ಹಾಗಲ್ಲ, ಅರ್ಧಕ್ಕಿಂತ ಜಾಸ್ತಿ ಕರಗಿ ಇಳಿದುಬಿಡುತ್ತದೆ. ಬೇರಿನಲ್ಲಿರುವ ಸಿಹಿ ಅಂಶ ಹುರಿಯುವಾಗ ಸುಟ್ಟ ಸಕ್ಕರೆಯಂತೆ ಆಗಿರುತ್ತದೆ. ಅದರಿಂದಲೇ ಆ ಕಪ್ಪು, ಆ ಮಂದ. ಹಾಗಾಗಿ ಬಣ್ಣಕ್ಕೆ, ದಪ್ಪಕ್ಕೆ ಪುಡಿ ಕಡಿಮೆ ಸಾಕು. ಆದರೆ ಬಣ್ಣ, ದಪ್ಪ ಕಾಫಿಯಲ್ಲ! ಡಿಕಾಕ್ಷನ್ ಗಟ್ಟಿ ಬರುತ್ತದೆ ಎಂದು ಅಂಗಡಿಯವರು ಹೇಳಿದ್ದು ಚಿಕೋರಿಯ ಗುಣವನ್ನು. ಅದನ್ನೇ ನಾವು ಸ್ಟ್ರಾಂಗ್ ಕಾಫಿ ಎಂದು ನಂಬಿಕೊಂಡಿದ್ದೇವೆ.

ಅಷ್ಟು ದಪ್ಪವೇ ಇಷ್ಟ ಎನ್ನುವವರಿಗೂ ಲೆಕ್ಕ ಇದೆ. 380ರ ಪುಡಿ 13 ಗ್ರಾಂ ಚಿಲ್ಲರೆ ತೆಗೆದುಕೊಳ್ಳಿ. ಅದರಲ್ಲಿ ಅಗ್ಗದ ಪುಡಿಯ 20 ಗ್ರಾಂನಲ್ಲಿ ಇರುವಷ್ಟೇ ಕಾಫಿ, 10.6 ಗ್ರಾಂ, ಇದೆ. ಅದಕ್ಕೆ ಸುಮಾರು ಏಳು ಗ್ರಾಂ ಬಿಡಿ ಚಿಕೋರಿ ಸೇರಿಸಿ. ಅದೇ 53:47 ನಿಮ್ಮ ಕೈಯಲ್ಲೇ ಆಯಿತು. ಖರ್ಚು 11 ರೂಪಾಯಿ 42 ಪೈಸೆ. ಪೊಟ್ಟಣದ್ದು 12 ರೂಪಾಯಿ. ಉಳಿಯುವುದು 58 ಪೈಸೆ, ದೊಡ್ಡದೇನಲ್ಲ. ಆದರೆ ಚಿಕೋರಿ ಕುಡಿಯುವುದಾದರೆ ಚಿಕೋರಿಯ ಬೆಲೆ ಕೊಟ್ಟು ಕುಡಿಯಿರಿ ಎನ್ನುವುದು ನನ್ನ ವಾದ. ಕಾಫಿಯ ಬೆಲೆ ಕೊಟ್ಟು ಯಾಕೆ?

ಚಿಕೋರಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. 20 ಭಾಗ ಇದ್ದರೆ ಹಾಲಿಗೆ ಚೆನ್ನಾಗಿ ಹೊಂದುತ್ತದೆ, ನನಗೂ ಅದೇ ರುಚಿ. ಸಿಟ್ಟು ಬರುವುದು ಮುಚ್ಚಿಟ್ಟು ಮಾರುವುದಕ್ಕೆ.

ಈ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ಎರಡು ವರ್ಷದಿಂದ ನಾನು ಆಯಿಗೆ ಹೇಳುತ್ತಿದ್ದೆ, "ಮೊದಲಿನ ಹಾಗೆ ಕಾಫಿ ಬರುತ್ತಿಲ್ಲ, ಪುಡಿ ಕಡಿಮೆ ಹಾಕ್ತಿದ್ದೀಯಾ" ಎಂದು. ಒಮ್ಮೆ ನೆಂಟರ ಎದುರಿಗೇ ಹೇಳಿದ್ದೆ. ಆಯಿ ಏನೂ ಮಾತಾಡದೆ ಮಾರನೇ ದಿನದಿಂದ ಅರ್ಧ ಚಮಚ ಜಾಸ್ತಿ ಹಾಕಲು ಶುರು ಮಾಡಿದಳು. ನಿನ್ನೆ ಲೆಕ್ಕ ಮಾಡುವಾಗ ಉಗ್ರಾಣದಲ್ಲಿ ಕಾಳುಮೆಣಸು ತುಂಬಿಟ್ಟ ಹಳೆಯ ಪೊಟ್ಟಣ ಕಣ್ಣಿಗೆ ಬಿತ್ತು. ಖಾಲಿಯಾದ ಪುಡಿ ಪೊಟ್ಟಣವನ್ನು ಆಯಿ ಎಸೆಯುವುದಿಲ್ಲ, ತೊಳೆದು ಒಣಗಿಸಿ ಏನಾದರೂ ತುಂಬುತ್ತಾಳೆ. ನಮ್ಮ ಮನೆಗೆ ಮಾಮೂಲಾಗಿ ಬರುವ ಅದೇ ಹೆಸರಿನ ಪುಡಿ. ಹಿಂದೆ ತಿರುಗಿಸಿದೆ. 70 ಭಾಗ ಕಾಫಿ, 30 ಭಾಗ ಚಿಕೋರಿ. ಈಗ ಬರುವುದು 53, 47. ಹೆಸರು ಅದೇ, ಬಣ್ಣ ಅದೇ, ಮುಂದಿನ ಚಿತ್ರ ಅದೇ.

20 ಗ್ರಾಂ ಪುಡಿಯಲ್ಲಿ ಮೊದಲು 14 ಗ್ರಾಂ ಕಾಫಿ ಇತ್ತು. ಈಗ 10.6. ಹೆಚ್ಚು ಕಡಿಮೆ ಕಾಲು ಭಾಗ ಹೋಗಿದೆ. ಆಯಿಯ ಚಮಚ ಬದಲಾಗಿರಲಿಲ್ಲ. ಇದನ್ನು ಕಂಡಾಗ ಆಗಿದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಪೊಟ್ಟಣ ನೋಡದೆಯೂ ಗುರುತು ಸಿಗುತ್ತಿತ್ತು, ನಾನು ಗಮನಿಸಲಿಲ್ಲ ಅಷ್ಟೇ. ಫಿಲ್ಟರ್ ಕಟ್ಟಿಕೊಂಡು ಡಿಕಾಕ್ಷನ್ ನಿಧಾನ ಇಳಿಯುತ್ತಿತ್ತು. ಮಳೆಗಾಲದಲ್ಲಿ ಡಬ್ಬಿಯ ಪುಡಿ ಹೆಂಟೆ ಕಟ್ಟುತ್ತಿತ್ತು. ಚಿಕೋರಿ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಕಾರವಾರ, ಕುಮಟಾ ಕಡೆಯವರಿಗೆ ಇದು ಇನ್ನೂ ಬೇಗ ಗೊತ್ತಾಗಬೇಕು. ವಾಸನೆಯಲ್ಲೂ ಕಾಫಿಗಿಂತ ಸುಟ್ಟ ಬೆಲ್ಲವೇ ಮುಂದೆ.

ಬಿಡಿ ಪುಡಿ ತರುವವರು ಒಂದು ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟು ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಕದಡಬೇಡಿ. ಕಾಫಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅದು ಸುಮಾರು ಹೊತ್ತು ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತದೆ, ಇಳಿಯುವಾಗ ಕಂದು ಗೆರೆ ಬಿಡುತ್ತದೆ. ಎಷ್ಟು ಭಾಗ ಎಂದು ಇದರಿಂದ ತಿಳಿಯುವುದಿಲ್ಲ. ಇದೆಯೋ ಇಲ್ಲವೋ ಅಷ್ಟೇ. ಎರಡು ಪುಡಿ ಇದ್ದರೆ ಎರಡು ಲೋಟ ಪಕ್ಕಪಕ್ಕ ಇಟ್ಟು ನೋಡಿ, ಫರಕು ಕಣ್ಣಿಗೇ ಕಾಣುತ್ತದೆ.

ಇವತ್ತು ಬೆಳಿಗ್ಗೆ 80:20ರ ಪುಡಿ ಹಾಕಿ ನಾನೇ ಕಾಫಿ ಮಾಡಿದೆ. ಆಯಿ ಎರಡು ಗುಟುಕು ಕುಡಿದು, "ಪುಡಿ ಎಷ್ಟು ಚಮಚ ಹಾಕಿದ್ದೆ?" ಎಂದು ಕೇಳಿದಳು. ನೀನು ಮೊದಲು ಹಾಕುತ್ತಿದ್ದಷ್ಟೇ ಎಂದೆ. ಹಳೆಯ ಪೊಟ್ಟಣ ತೋರಿಸಿ ಅಂಕೆ ಓದಿ ಹೇಳಿದೆ, ತಪ್ಪಾಯಿತು ಎಂದೂ ಹೇಳಿದೆ. ಕಾಳುಮೆಣಸನ್ನು ಈಗ ಬಾಟಲಿಗೆ ಸುರಿದಿದ್ದೇವೆ. ಆ ಪೊಟ್ಟಣ ನನ್ನ ಚೀಲದಲ್ಲಿದೆ. ಸೋಮವಾರ ಪೇಟೆಗೆ ಹೋಗುವಾಗ ಹೊಸದರ ಜೊತೆ ಇಟ್ಟು ಅಂಗಡಿಯವರಿಗೆ ತೋರಿಸುತ್ತೇನೆ.