ಅರಗಿಗೂ ಚಿನ್ನದ ರೇಟಾ?

ಹೋದ ತಿಂಗಳು ಅಕ್ಕನ ಮಗಳ ಮದುವೆ ಒಡವೆಗೆ ಅಂತ ಒಂದು ದೊಡ್ಡ ಅಂಗಡಿಗೆ ಹೋಗಿದ್ವಿ. ಕೌಂಟರಿನ ಹುಡುಗ ಕೆಂಪು ಮಖಮಲ್ ಬಟ್ಟೆಯ ಮೇಲೆ ಒಂದು ಹಾರ ಹರಡಿ, ‘ಮೇಡಂ, ಇದು ಪ್ಯೂರ್ ಜಡಾವ್ ಕುಂದನ್ ಪೋಲ್ಕಿ’ ಅಂದ. ಅಕ್ಕ ನನ್ನ ಕಿವಿಯಲ್ಲಿ, ‘ಮೂರರಲ್ಲಿ ಯಾವುದೇ ಅದು?’ ಅಂದಳು. ಅವನು ಹೇಳಿದ್ದು ಸುಳ್ಳಲ್ಲ, ಒಂದೇ ಒಡವೆ ಮೂರೂ ಆಗಿರಬಹುದು. ಆದರೆ ಆ ಮೂರು ಹೆಸರನ್ನು ಒಟ್ಟಿಗೆ ಸುರಿದಾಗಲೇ ಗಿರಾಕಿಗೆ ಗೊಂದಲ ಶುರು. ಹನ್ನೆರಡು ವರ್ಷ ಒಡವೆ ಅಂಗಡಿಯೊಂದರ ಬಿಲ್ಲಿಂಗ್‌ನಲ್ಲಿ ಕೂತವಳು ನಾನು. ಹೇಳದೆ ಇರೋಕೆ ಆಗ್ತಿಲ್ಲ.

ಪೋಲ್ಕಿ ಅನ್ನೋದು ಹರಳು. ಈಗಿನ ವಜ್ರದ ಹಾಗೆ ಲೆಕ್ಕದ ಮುಖಗಳನ್ನು ಕೊರೆಯದೆ, ಹುಟ್ಟಿದ ಆಕಾರವನ್ನು ಆದಷ್ಟು ಉಳಿಸಿಕೊಂಡು, ಚಪ್ಪಟೆಯಾಗಿ ಸೀಳಿ ಮೇಲಷ್ಟೇ ಹೊಳಪು ಕೊಟ್ಟ ವಜ್ರ. ಕುಂದನ್ ಅನ್ನೋದು ಚಿನ್ನ. ನಮ್ಮ ಅಜ್ಜಿಯರು ಚೆಂದದ ಹುಡುಗಿಯನ್ನು ಕುಂದಣದ ಬೊಂಬೆ ಅಂತಿದ್ದರಲ್ಲ, ಅದೇ ಕುಂದಣ, ಅಪರಂಜಿ. ಅದನ್ನು ಬಡಿದು ಬಡಿದು ತೆಳು ಪಟ್ಟಿ ಮಾಡಿ ಹರಳಿನ ಸುತ್ತ ಒತ್ತಿ ಕೂರಿಸುವ ಕೆಲಸಕ್ಕೂ ಅದೇ ಹೆಸರು. ಹೀಗೆ ಹರಳು ಹುದುಗಿಸಿ ಮಾಡಿದ ಒಡವೆ ಜಡಾವ್. ಅಂದರೆ ಪೋಲ್ಕಿ ಹರಳನ್ನು ಕುಂದಣದಲ್ಲಿ ಕೂರಿಸಿದರೆ ಅದು ಜಡಾವ್ ಒಡವೆ. ಇಷ್ಟೇ.

ತೊಂದರೆ ಏನಂದ್ರೆ, ಅಂಗಡಿಯ ಭಾಷೆಯಲ್ಲಿ ಈ ಪದಗಳು ಬೇರೆ ಅರ್ಥಕ್ಕೆ ಜಾರಿವೆ. ಇವತ್ತು ಬರೀ ‘ಕುಂದನ್ ಸೆಟ್’ ಅಂದರೆ ಬಹುಪಾಲು ಗಾಜಿನ ಹರಳು ಅಂತಲೇ ಅರ್ಥ. ಗಾಜಿನ ಮೇಲೆ ನನಗೆ ಸಿಟ್ಟಿಲ್ಲ. ಗಾಜು ಅಂತ ಹೇಳಿ, ಗಾಜಿನ ಬೆಲೆಗೆ ಕೊಟ್ಟರೆ ಅದು ಚೆಂದದ ಒಡವೆ, ರಾತ್ರಿ ಆರತಕ್ಷತೆಯ ದೀಪದಲ್ಲಿ ಯಾರೂ ಭೂತಗನ್ನಡಿ ಹಿಡಿದು ಬರಲ್ಲ. ಸಿಟ್ಟು ಬರೋದು ‘ಕುಂದನ್ ಪೋಲ್ಕಿ’ ಅಂತ ಬರೆದು ಒಳಗೆ ಗಾಜು ಇಟ್ಟಾಗ.

ಬೆಲೆಗೆ ಬರೋ ಮೊದಲು ಆ ಹಾರದ ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು. ಜೈಪುರ, ಬಿಕಾನೇರ್ ಕಡೆಯ ಕೆಲಸದಲ್ಲಿ ಒಂದೇ ಒಡವೆ ನಾಲ್ಕೈದು ಕೈ ದಾಟುತ್ತೆ. ಮೊದಲು ಒಬ್ಬ ಚಿನ್ನದ ತಗಡಿನಲ್ಲಿ ಟೊಳ್ಳು ಚೌಕಟ್ಟು ಮಾಡ್ತಾನೆ, ಅದಕ್ಕೆ ಘಾಟ್ ಅಂತಾರೆ. ಹಿಂಬದಿಗೆ ಮೀನಾಕಾರಿ ಬೇಕಿದ್ದರೆ ಕೊರೆದು ಬಣ್ಣ ತುಂಬಿ ಕುಲುಮೆಯಲ್ಲಿ ಸುಡ್ತಾರೆ. ಬಣ್ಣ ಸುಡೋಕೆ ಜಾಸ್ತಿ ಬಿಸಿ ಬೇಕು, ಹರಳು ಆಮೇಲೆ. ಚೌಕಟ್ಟಿನ ಟೊಳ್ಳಿಗೆ ಅರಗು ಕರಗಿಸಿ ತುಂಬ್ತಾರೆ. ಅರಗಿನಲ್ಲಿ ಗುಳಿ ಮಾಡಿ, ತಳದಲ್ಲಿ ಕನ್ನಡಿಯಂತೆ ಹೊಳೆಯೋ ಬೆಳ್ಳಿಯ ತೆಳು ರೇಕು ಇಟ್ಟು, ಅದರ ಮೇಲೆ ಪೋಲ್ಕಿ. ಆಮೇಲೆ ಕುಂದನ್‌ಸಾಜ್ ಅನ್ನೋ ಕುಶಲಿ ಅಪರಂಜಿ ಪಟ್ಟಿಯನ್ನು ಹರಳಿನ ಅಂಚಿಗೆ ಪದರ ಪದರವಾಗಿ ಉಕ್ಕಿನ ಕಡ್ಡಿಯಿಂದ ಒತ್ತುತ್ತಾನೆ. ಬೆಸುಗೆ ಇಲ್ಲ, ಬೆಂಕಿ ಇಲ್ಲ. ಅಷ್ಟು ಶುದ್ಧವಾದ ಚಿನ್ನ ಒತ್ತಡಕ್ಕೇ ತನಗೆ ತಾನೇ ಅಂಟಿಕೊಳ್ಳುತ್ತೆ. ನಾನು ಒಮ್ಮೆ ಕೂತು ನೋಡಿದ್ದೆ. ಬಟಾಣಿಗಿಂತ ಚಿಕ್ಕ ಹರಳೊಂದನ್ನು ಆತ ಕೂರಿಸಿ, ತಿರುಗಿಸಿ, ಅಂಚು ನಯ ಮಾಡಿ ಮುಗಿಸೋ ಹೊತ್ತಿಗೆ ನನ್ನ ಟೀ ತಣ್ಣಗಾಗಿತ್ತು. ಕೊನೆಗೆ ಪಟವಾ ಅನ್ನೋನು ಮುತ್ತು, ಪಚ್ಚೆ ಮಣಿ ಪೋಣಿಸಿ ದಾರ ಕಟ್ಟುತ್ತಾನೆ.

ಈಗ ತಕ್ಕಡಿ ನೆನಪು ಮಾಡಿಕೊಳ್ಳಿ. ಚಿನ್ನ, ಅರಗು, ಬೆಳ್ಳಿ ರೇಕು, ವಜ್ರ, ಮುತ್ತು, ಮಣಿ, ದಾರ ಎಲ್ಲ ಸೇರಿ ಒಂದೇ ತೂಕ ತೋರಿಸುತ್ತೆ. ಅದು ಗ್ರಾಸ್ ವೆಯ್ಟ್. ಜಗಳವೆಲ್ಲ ಇಲ್ಲೇ.

ಅಕ್ಕನ ಮಗಳಿಗೆ ಹಿಡಿಸಿದ ಹಾರದ್ದೇ ಲೆಕ್ಕ ಹೇಳ್ತೀನಿ. ಗ್ರಾಸ್ 86 ಗ್ರಾಂ. ಪೋಲ್ಕಿ 16 ಕ್ಯಾರೆಟ್, ಮುತ್ತು ಮತ್ತು ಮಣಿ 130 ಕ್ಯಾರೆಟ್ ಅಂತ ಚೀಟಿಯಲ್ಲೇ ಇತ್ತು. ಐದು ಕ್ಯಾರೆಟ್‌ಗೆ ಒಂದು ಗ್ರಾಂ, ಹಾಗಾಗಿ ಪೋಲ್ಕಿ 3.2 ಗ್ರಾಂ, ಮಣಿ ಮುತ್ತು 26 ಗ್ರಾಂ. ಅರಗು, ರೇಕು, ದಾರ ಎಷ್ಟು ಅಂತ ಕೇಳಿದೆ. ಹುಡುಗ ಒಳಗೆ ಹೋಗಿ ಬಂದು 12.8 ಗ್ರಾಂ ಅಂದ. ಉಳಿದದ್ದು 44 ಗ್ರಾಂ ಚಿನ್ನ. ಅದರಲ್ಲಿ 36 ಗ್ರಾಂ ಚೌಕಟ್ಟು 18 ಕ್ಯಾರೆಟ್, 8 ಗ್ರಾಂ ಕುಂದಣ 24 ಕ್ಯಾರೆಟ್. (ಹರಳಿನ ಕ್ಯಾರೆಟ್ ತೂಕ, ಚಿನ್ನದ ಕ್ಯಾರೆಟ್ ಶುದ್ಧತೆ. ಒಂದೇ ಪದ ಇಟ್ಟ ಪುಣ್ಯಾತ್ಮ ಯಾರೋ!)

ಚಿನ್ನದ ರೇಟ್ ದಿನಾ ಕುಣಿಯುತ್ತೆ, ಲೆಕ್ಕಕ್ಕೆ ಸುಲಭ ಅಂತ ಅಪ್ಪಟ ಚಿನ್ನ ಗ್ರಾಂಗೆ 10,000 ರೂಪಾಯಿ ಅಂತಲೇ ಇಟ್ಟುಕೊಳ್ಳೋಣ. 36 ಗ್ರಾಂ 18 ಕ್ಯಾರೆಟ್‌ನಲ್ಲಿ ಅಪ್ಪಟ ಇರೋದು 27 ಗ್ರಾಂ. ಕುಂದಣದ 8 ಸೇರಿಸಿ 35. ಚಿನ್ನದ ಬಾಬ್ತು 3,50,000. ಪೋಲ್ಕಿ ಕ್ಯಾರೆಟ್‌ಗೆ ಅವರು ಹೇಳಿದ್ದು 40,000, ಅಲ್ಲಿಗೆ 6,40,000. ಮುತ್ತು ಮಣಿಗೆ 60,000, ಕೂಲಿ ಒಂದು ಲಕ್ಷ. ಒಟ್ಟು ಹನ್ನೊಂದೂವರೆ ಲಕ್ಷ, ಮೇಲೆ ಶೇ. 3 ಜಿಎಸ್‌ಟಿ.

ಅವರು ಹೇಳಿದ್ದನ್ನು ಇದೇ ರೇಟಿಗೆ ಇಳಿಸಿದರೆ ಜಿಎಸ್‌ಟಿ ಬಿಟ್ಟು ಸುಮಾರು ಹದಿನೈದು ಲಕ್ಷ ಎಂಬತ್ತೆಂಟು ಸಾವಿರ. ಹೆಚ್ಚಿನ 4,38,000 ಎಲ್ಲಿಂದ ಬಂತು? ಇಡೀ 86 ಗ್ರಾಂಗೂ 22 ಕ್ಯಾರೆಟ್ ಚಿನ್ನದ ರೇಟ್ ಹಾಕಿದ್ದರು. ಅರಗಿಗೆ ಚಿನ್ನದ ಬೆಲೆ. ಮುತ್ತಿನ ತೂಕಕ್ಕೆ ಒಂದು ಸಲ ಚಿನ್ನದ ಬೆಲೆ, ಮತ್ತೊಂದು ಸಲ ಮುತ್ತಿನ ಬೆಲೆ. ಪೋಲ್ಕಿಗೂ ಹಾಗೇ. ಅದರ ಮೇಲೆ 18ರ ಚೌಕಟ್ಟಿಗೆ 22ರ ರೇಟ್. ಕೇಳಿದ್ದಕ್ಕೆ ಮ್ಯಾನೇಜರ್ ನಗ್ತಾ, ‘ಜಡಾವ್‌ನಲ್ಲಿ ಪೀಸ್ ರೇಟ್ ಹಾಗೇ ಇರುತ್ತೆ ಮೇಡಂ, ಇದು ಕಲೆ’ ಅಂದರು. ಕಲೆಗೆ ಬೆಲೆ ಕಟ್ಟಲಿ, ಬೇಡ ಅಂದವರ್ಯಾರು? ಕೂಲಿ ಒಂದು ಲಕ್ಷದ ಬದಲು ಎರಡು ಲಕ್ಷ ಅಂತ ಬರೆದು ತೋರಿಸಿದ್ದರೆ ನಾನು ತುಟಿ ಪಿಟಕ್ ಅನ್ನುತ್ತಿರಲಿಲ್ಲ, ಆ ಕೈಗಳನ್ನು ನೋಡಿದವಳು ನಾನು. ಕಲೆಯ ಹೆಸರಲ್ಲಿ ಅರಗು ಮಾರೋದು ಬೇರೆ ವಿಷಯ.

‘ಹಾಲ್‌ಮಾರ್ಕ್ ನೋಡಿ ತಗೊಂಡ್ರೆ ಆಯ್ತಲ್ಲ’ ಅಂತ ನಮ್ಮ ಭಾವ ಅಂದರು. ಅದೇ ಇಲ್ಲಿನ ಸೂಕ್ಷ್ಮ. 2021ರ ಜೂನ್‌ನಲ್ಲಿ ಹಾಲ್‌ಮಾರ್ಕ್ ಕಡ್ಡಾಯ ಮಾಡುವಾಗ ಕುಂದನ್, ಪೋಲ್ಕಿ, ಜಡಾವ್ ಒಡವೆಗಳನ್ನು ಹೊರಗಿಟ್ಟರು. ಹಾಗಾಗಿ ಗುರುತು ಇಲ್ಲ ಅನ್ನೋದು ಮೋಸದ ಸಾಕ್ಷಿಯಲ್ಲ. ಗುರುತು ಇಲ್ಲದ ಕಡೆ ನಮಗೆ ಉಳಿಯೋದು ಬಿಲ್ಲಿನ ಬರಹ ಮಾತ್ರ. ಅಂಗಡಿಯ ಶುದ್ಧತೆ ನೋಡೋ ಯಂತ್ರವನ್ನು ನಂಬ್ತೀರಾ? ಅದು ಓದೋದು ಮೇಲ್ಮೈಯನ್ನು. ಹರಳಿನ ಅಂಚಿಗೆ ಹಿಡಿದರೆ ಅಲ್ಲಿರೋದು ಅಪರಂಜಿ, ಯಂತ್ರ 99ರ ಮೇಲೆ ತೋರಿಸುತ್ತೆ, ಗಿರಾಕಿ ಖುಷಿ. ಚೌಕಟ್ಟು 14 ಕ್ಯಾರೆಟ್ ಆಗಿದ್ದರೂ ಆ ಅಂಕಿ ಹಾಗೇ ಇರುತ್ತೆ. ಹಿಂಬದಿಯಲ್ಲಿ ಮೀನಾ ಇಲ್ಲದ ಜಾಗ, ಪಕ್ಕದ ಗೋಡೆ, ಇಂಥ ಕಡೆ ಹಿಡಿಸಿ ನೋಡಬೇಕು. ಕೊಂಡಿ ಬೇರೆ ಚಿನ್ನದ್ದಿರಬಹುದು, ಅದೊಂದನ್ನೇ ನಂಬಬೇಡಿ.

ಹರಳಿನ ವಿಷಯ ಇನ್ನೂ ಕಷ್ಟ. ಭೂತಗನ್ನಡಿ ಹಿಡಿದರೆ ಗಾಜು ಬೇಗ ಸಿಕ್ಕಿಬೀಳುತ್ತೆ. ಒಳಗೆ ಸಣ್ಣ ಗುಂಡನೆ ಗುಳ್ಳೆ ಕಾಣಬಹುದು, ಅಂಚು ಸವೆದಿರುತ್ತೆ, ಹರಳುಗಳೆಲ್ಲ ಒಂದೇ ಅಚ್ಚಿನಿಂದ ಬಿದ್ದ ಹಾಗಿರುತ್ತವೆ. ಪೋಲ್ಕಿಯಲ್ಲಿ ಒಂದರಂತೆ ಇನ್ನೊಂದು ಇರಲ್ಲ, ಒಳಗೆ ಗರಿ, ಮೋಡ, ಚುಕ್ಕೆ ಇರೋದೇ ಸಹಜ. ಪೆನ್ನಿನಂಥ ಡೈಮಂಡ್ ಟೆಸ್ಟರ್ ಶಾಖ ಎಷ್ಟು ಬೇಗ ಹರಿಯುತ್ತೆ ಅಂತ ನೋಡುತ್ತೆ, ಗಾಜನ್ನು ಹಿಡಿದುಹಾಕುತ್ತೆ. ಆದರೆ ವಜ್ರದ ಹಾಗೇ ಕಾಣೋ ಮೊಯ್ಸನೈಟ್ ಅನ್ನೋ ಬೇರೆ ಹರಳು ಆ ಸಾದಾ ಟೆಸ್ಟರ್‌ನಲ್ಲಿ ಪಾಸಾಗಿಬಿಡುತ್ತೆ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರದಲ್ಲೂ ಈಗ ಪೋಲ್ಕಿ ಬರ್ತಿದೆ, ಅದು ನಿಜವಾಗಿಯೂ ವಜ್ರವೇ ಆದ್ದರಿಂದ ಪಾಸಾಗಲೇಬೇಕು. ಬೆಲೆ ಮಾತ್ರ ನೆಲದಿಂದ ಬಂದದ್ದರ ಹತ್ತಿರಕ್ಕೂ ಬರಲ್ಲ. ಹಿಂದೆ ರೇಕು, ಸುತ್ತ ಚಿನ್ನ ಮುಚ್ಚಿದ ಮೇಲೆ ತೂಕವೂ ಅಂದಾಜು, ಪರೀಕ್ಷೆಯೂ ಅರ್ಧಂಬರ್ಧ. ನಮ್ಮ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ದುಡ್ಡು ಕೂತಿರೋದು ಆ 16 ಕ್ಯಾರೆಟ್ ಮೇಲೆ ಅನ್ನೋದನ್ನ ನೆನಪಿಡಿ.

ಅದಕ್ಕೇ ನನ್ನ ಅಭಿಪ್ರಾಯ: ಲಕ್ಷಗಟ್ಟಲೆಯ ಪೋಲ್ಕಿಯನ್ನು ಸಿದ್ಧ ಒಡವೆಯಾಗಿ ಕೊಳ್ಳೋದಕ್ಕಿಂತ ಮಾಡಿಸೋದು ಲೇಸು. ಕೂರಿಸೋ ಮೊದಲು ಬಿಡಿ ಹರಳುಗಳನ್ನು ಎದುರಿಗೇ ತೂಗಿಸಬಹುದು, ಬೇಕಿದ್ದರೆ ಲ್ಯಾಬ್‌ಗೆ ಕಳಿಸಬಹುದು. ಚೌಕಟ್ಟನ್ನು ಅರಗು ತುಂಬೋ ಮುಂಚೆ ಖಾಲಿ ತೂಗಿಸಬಹುದು. ಆಗ ಊಹೆಗೆ ಜಾಗವೇ ಇಲ್ಲ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಮತ್ತು ಶುದ್ಧತೆ, ಪೋಲ್ಕಿಯ ಕ್ಯಾರೆಟ್ ಹಾಗೂ ‘ನೈಸರ್ಗಿಕ’ ಅನ್ನೋ ಪದ, ಕೂಲಿ, ವಾಪಸ್ ಕೊಟ್ಟರೆ ಯಾವುದಕ್ಕೆ ಎಷ್ಟು ಕೊಡ್ತಾರೆ, ಎಲ್ಲ ಬೇರೆ ಬೇರೆ ಬರೆಸಿ. ವಾಪಸ್ ಕೊಡುವಾಗ ಕೂಲಿ ಬರಲ್ಲ, ಅರಗಂತೂ ಬರಲೇ ಬರಲ್ಲ. ಪೋಲ್ಕಿಯನ್ನು ಹೂಡಿಕೆ ಅಂತ ಮಾರುವವರ ಮಾತಿಗೆ ಕಿವಿ ಕೊಡಬೇಡಿ, ಇಷ್ಟಪಟ್ಟು ಹಾಕಿಕೊಳ್ಳೋದಿದ್ದರೆ ಮಾತ್ರ ತಗೊಳ್ಳಿ.

ಹಾಂ, ಇನ್ನೊಂದು. ಹಾರವನ್ನು ಸೋಪು ನೀರಲ್ಲಿ ಅದ್ದಬೇಡಿ, ಮೇಲೆ ಸೆಂಟ್ ಹೊಡೀಬೇಡಿ. ತೇವ ಒಳಗೆ ಇಳಿದರೆ ಬೆಳ್ಳಿ ರೇಕು ಕಪ್ಪಾಗಿ, ವಜ್ರವೇ ಸತ್ತ ಹಾಗೆ ಕಾಣುತ್ತೆ. ಸರಿ ಮಾಡೋಕೆ ಕುಂದಣ ಬಿಚ್ಚಿ ರೇಕು ಬದಲಿಸಿ ಮತ್ತೆ ಒತ್ತಬೇಕು, ಅದನ್ನು ಬಲ್ಲ ಕೈ ಎಲ್ಲ ಕಡೆ ಸಿಗಲ್ಲ.

ಆ ಅಂಗಡಿಯಿಂದ ಎದ್ದು ಬಂದ್ವಿ. ಬೇರೊಂದು ಕಡೆ, ಅದೇ ನಮೂನೆಗೆ, ಹರಳು ಎದುರಿಗೇ ತೂಗಿಸಿ ಆರ್ಡರ್ ಕೊಟ್ಟಿದ್ದಾಯ್ತು. ಹೋದ ವಾರ ಹಾರ ಬಂತು. ಅಕ್ಕ ಗಾಬರಿಯಲ್ಲಿ ಫೋನ್ ಮಾಡಿದಳು, ‘ಲೇ, ಗ್ರಾಸ್ 88 ಗ್ರಾಂ ಬಂದಿದೆ ಕಣೆ, ಜಾಸ್ತಿ ದುಡ್ಡು ಕೇಳ್ತಾರೇನೋ!’ ಬಿಲ್ ಓದು ಅಂದೆ. ಓದಿದಳು. ಚಿನ್ನ 44, ಪೋಲ್ಕಿ 16 ಕ್ಯಾರೆಟ್, ಮಣಿ ಮುತ್ತು ಅಷ್ಟೇ. ಅರಗು ಮಾತ್ರ ಎರಡು ಗ್ರಾಂ ಜಾಸ್ತಿ ತುಂಬಿದ್ದರು. ಅದರ ಮುಂದೆ ಬೆಲೆಯ ಕಾಲಂ ಖಾಲಿ ಇತ್ತು.