ಎಳೆ ಪುಡಿಯಾಗೋ ತನಕ ಹೊಸೀರಪ್ಪಾ

ಸಿಟ್ಟಿನಲ್ಲೇ ಬರೀತಾ ಇದ್ದೀನಿ. ನಾಳೆ ಓದಿದರೆ ನನಗೇ ಜಾಸ್ತಿ ಆಯ್ತು ಅನ್ನಿಸಬಹುದು. ಅನ್ನಿಸಲಿ.

ರಸ್ತೆ ಏರಿಗೆ ಮಣ್ಣು ತರುವ ಗುಂಡಿಯೊಂದರ ರಿಪೋರ್ಟ್ ಮೊನ್ನೆ ಕೈಗೆ ಬಂತು. 75 ಮೈಕ್ರಾನ್ ಜರಡಿಯಲ್ಲಿ ಮುಕ್ಕಾಲು ಪಾಲು ಕೆಳಗಿಳಿದಿದೆ, ಅಂದರೆ ನಯವಾದ ಮಣ್ಣು, ಅದರಲ್ಲಿ ತಕರಾರಿಲ್ಲ. ಮಣ್ಣು ಹರಿಯಲು ಶುರುವಾಗುವ ನೀರಿನ ಶೇಕಡಾ ಪ್ರಮಾಣ, ಅಂದರೆ ಲಿಕ್ವಿಡ್ ಲಿಮಿಟ್, 56. ಹೊಸೆದರೆ ಪುಡಿಯಾಗಲು ಶುರುವಾಗುವ ಪ್ರಮಾಣ, ಅಂದರೆ ಪ್ಲಾಸ್ಟಿಕ್ ಲಿಮಿಟ್, 32. ಇವೆರಡರ ವ್ಯತ್ಯಾಸವಾದ ಪಿಐ 24. ವರ್ಗ: ಎಂಎಚ್. ಹಾಗಂದರೆ ಸಿಲ್ಟ್, ಜೇಡಿಯಲ್ಲದ ನಯ ಮಣ್ಣು. ಆ ಕೆಲಸದ ಕರಾರಿನಲ್ಲಿ ಪಿಐ 25 ಮೀರಬಾರದು ಅಂತಿದೆ. ಬಂದಿದ್ದು 24. ಎಷ್ಟು ಚೆಂದ ಅಲ್ವಾ!

ನನ್ನ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಅದೇ ಗುಂಡಿಯ ಒಣಗಿದ ಹೆಂಟೆಯೊಂದಿತ್ತು. ಎರಡು ಬೆರಳಲ್ಲಿ ಹಿಡಿದು ಒತ್ತಿದೆ. ಮುರಿಯಲಿಲ್ಲ. ಎರಡೂ ಕೈ ಹೆಬ್ಬೆರಳು ಹಾಕಿ ಒತ್ತಿದೆ. ಉಗುರು ನೋಯಿತೇ ಹೊರತು ಹೆಂಟೆಗೆ ಏನೂ ಆಗಲಿಲ್ಲ. ಸಿಲ್ಟ್ ಆಗಿದ್ದರೆ ಒಣಗಿದ ಹೆಂಟೆ ಇಷ್ಟು ಹಟ ಮಾಡುವುದಿಲ್ಲ, ಒತ್ತಿದರೆ ಪುಡಿಪುಡಿಯಾಗಿ ಬೆರಳಿಗೆ ಬೂದಿಯ ಹಾಗೆ ಅಂಟುತ್ತದೆ. ಅದೇ ಮಣ್ಣನ್ನು ನೀರಲ್ಲಿ ಕಲಸಿ ಅಂಗೈ ಮೇಲಿಟ್ಟು ತಟ್ಟಿದೆ. ಸಿಲ್ಟ್ ಆದರೆ ಮೇಲೆ ನೀರು ಮಿನುಗಬೇಕು, ಹಿಂಡಿದರೆ ಮಾಯವಾಗಬೇಕು. ಏನೂ ಮಿನುಗಲಿಲ್ಲ. ಇದು ಜೇಡಿ. ಕೈ ಒಂದು ಹೇಳುತ್ತಿದೆ, ಕಾಗದ ಇನ್ನೊಂದು ಹೇಳುತ್ತಿದೆ.

ಹಾಗಾಗಿ ಲ್ಯಾಬಿಗೇ ಹೋಗಿ ಸುಮ್ನೆ ಒಂದು ಮೂಲೆಯಲ್ಲಿ ಕೂತೆ. ಹುಡುಗ ಒಳ್ಳೆಯವನೇ. ಲಿಕ್ವಿಡ್ ಲಿಮಿಟ್‌ನ ಕಪ್ ಟೆಸ್ಟ್ ಚೆನ್ನಾಗಿ ಮಾಡಿದ. 425 ಮೈಕ್ರಾನ್ ಜರಡಿ ದಾಟಿದ ಮಣ್ಣು, ನಡುವೆ ನೀಟಾಗಿ ಗೀರು, 10 ಮಿಲಿಮೀಟರ್ ಎತ್ತರದಿಂದ ಕಪ್ ಬೀಳುವುದು, ಸೆಕೆಂಡಿಗೆ ಎರಡು ಪೆಟ್ಟು, 25 ಪೆಟ್ಟಿಗೆ ಗೀರು ಮುಚ್ಚುವ ನೀರಿನ ಪ್ರಮಾಣ. ಎಲ್ಲ ಸರಿ. ಆ 56ರ ಬಗ್ಗೆ ನನಗೆ ಅನುಮಾನವಿಲ್ಲ.

ಆಮೇಲೆ ಪ್ಲಾಸ್ಟಿಕ್ ಲಿಮಿಟ್‌ಗೆ ಬಂದ. ಗೋಲಿಯಷ್ಟು ಮಣ್ಣು ತಗೊಂಡ, ಗಾಜಿನ ಮೇಲೆ ಬೆರಳಲ್ಲಿ ಹೊಸೆದ, ಎಳೆ ತೆಳ್ಳಗಾಯಿತು, ಪಕ್ಕದಲ್ಲಿದ್ದ 3 ಮಿಲಿಮೀಟರ್ ಕಡ್ಡಿಗೆ ಹೋಲಿಸಿದ. ಸರಿಯಾಗಿ ಮೂರು. ತಕ್ಷಣ ಎತ್ತಿ ಡಬ್ಬಿಗೆ ಹಾಕಿ ಮುಚ್ಚಿದ. ಮುಗೀತು!

"ತಮ್ಮಾ, ಎಳೆ ಮುರಿಯಿತಾ?" ಅಂದೆ.
"ಇಲ್ಲ ಸಾರ್, ಮೂರಕ್ಕೆ ಬಂತಲ್ಲ?"

ನನ್ನ ಇಡೀ ಜಗಳ ಇಷ್ಟೇ. ಮೂರಕ್ಕೆ ಬರುವುದು ಪರೀಕ್ಷೆಯಲ್ಲ. ಮೂರಕ್ಕೆ ಬಂದಾಗ ಎಳೆ ಪುಡಿಯಾಗಬೇಕು. ಆಗದಿದ್ದರೆ ಮಣ್ಣಿನಲ್ಲಿ ಇನ್ನೂ ನೀರು ಜಾಸ್ತಿ ಇದೆ ಅಂತ ಅರ್ಥ. ಮತ್ತೆ ಉಂಡೆ ಕಟ್ಟಬೇಕು, ನಾದಬೇಕು, ಮತ್ತೆ ಹೊಸೆಯಬೇಕು. ಪ್ರತಿ ಸುತ್ತಿಗೂ ಕೈಯ ಬಿಸಿಗೆ ಸ್ವಲ್ಪ ನೀರು ಆರುತ್ತದೆ, ಮಣ್ಣು ಬಿಗಿಯಾಗುತ್ತದೆ, ಬೆರಳಿಗೆ ಒತ್ತಡ ಜಾಸ್ತಿ ಬೇಕಾಗುತ್ತದೆ. ಒಂದು ಸುತ್ತಿನಲ್ಲಿ ಮೂರಕ್ಕೆ ಬರುವಷ್ಟರಲ್ಲಿ ಎಳೆ ತುಂಡುತುಂಡಾಗುತ್ತದೆ. ಆ ತುಂಡುಗಳಲ್ಲಿರುವ ನೀರೇ ಪ್ಲಾಸ್ಟಿಕ್ ಲಿಮಿಟ್. ಮೊದಲ ಸುತ್ತಿನ ನೀರಲ್ಲ. ಕರ್ಮ.

ಅವನ ಡಬ್ಬಿಯ ಲೆಕ್ಕ ನೋಡಿ. ಒಣ ಮಣ್ಣು 9.50 ಗ್ರಾಂ, ಹಸಿ ಇದ್ದಾಗ 12.54. ನೀರು 3.04. ಭಾಗಿಸಿದರೆ 32 ಶೇಕಡಾ. ಅದೇ ಮಣ್ಣನ್ನು ನಾನು ಕೂತು ಹೊಸೆದೆ. ಏಳು ಸುತ್ತು ಬೇಕಾಯಿತು, ಕೊನೆಯ ಎರಡರಲ್ಲಿ ಬೆರಳು ನೋಯುತ್ತಿತ್ತು. ಓವನ್‌ನಿಂದ ಬಂದ ಮೇಲೆ ಲೆಕ್ಕ 24. ಇನ್ನೆರಡು ಸಲ ಮಾಡಿದೆ, 24ರ ಆಸುಪಾಸಿನಲ್ಲೇ ನಿಂತಿತು.

ಈಗ ಪಿಐ 56ರಲ್ಲಿ 24 ಕಳೆದರೆ 32. ಮಣ್ಣಿನ ವರ್ಗ ಹೇಳುವ ಚಾರ್ಟ್ ಮೇಲೆ ಇಡೋಣ. ಜೇಡಿಯನ್ನೂ ಸಿಲ್ಟನ್ನೂ ಬೇರ್ಪಡಿಸಲು ಮಣ್ಣುಶಾಸ್ತ್ರಜ್ಞ ಕಾಸಗ್ರಾಂಡೆ ಎಳೆದ ಎ-ಲೈನ್ ಇದು:

PI = 0.73 (LL − 20)

56ಕ್ಕೆ ಆ ಗೆರೆ 26.3ರಲ್ಲಿ ಹಾದುಹೋಗುತ್ತದೆ. ಹುಡುಗನ 24 ಗೆರೆಯ ಕೆಳಗೆ, ಅಂದರೆ ಸಿಲ್ಟ್. ನನ್ನ 32 ಗೆರೆಯ ಮೇಲೆ, ಅಂದರೆ ಜೇಡಿ. ಲಿಕ್ವಿಡ್ ಲಿಮಿಟ್ 50 ದಾಟಿರುವುದರಿಂದ ಸಿಎಚ್, ಹೆಚ್ಚು ಜಿಗುಟಿನ ಜೇಡಿ. ಮಣ್ಣು ಅದೇ, ಗುಂಡಿ ಅದೇ. ಹೊಸೆಯುವುದಕ್ಕೆ ಬೇಜಾರಾಗಿದ್ದಕ್ಕೆ ಹೆಸರೇ ಬದಲಾಯಿತು!

ಇದರಲ್ಲಿ ಇನ್ನೊಂದು ಕುಹಕ ಇದೆ. ಚಾರ್ಟಿನಲ್ಲಿ ಮೇಲೊಂದು ಯು-ಲೈನ್ ಇರುತ್ತದೆ, PI = 0.9 (LL − 8). ನಿಜವಾದ ಮಣ್ಣು ಅದನ್ನು ದಾಟುವುದು ಅಪರೂಪ. ಬಿಂದು ಅದರಾಚೆ ಬಿದ್ದರೆ ಎಲ್ಲೋ ತಪ್ಪಾಗಿದೆ ಅಂತ ಯಾರಿಗಾದರೂ ಹೊಳೆಯುತ್ತದೆ. ಆದರೆ ಎಳೆಯನ್ನು ಬೇಗ ಎತ್ತಿದರೆ ಬಿಂದು ಕೆಳಕ್ಕೆ ಜಾರುತ್ತದೆ. ಕೆಳಗೆ ಯಾವ ಗಂಟೆಯೂ ಬಾರಿಸುವುದಿಲ್ಲ. ಎಂಎಚ್ ಅಂತ ಮರ್ಯಾದಸ್ತ ಹೆಸರು ಸಿಗುತ್ತದೆ, ಸಹಿ ಬೀಳುತ್ತದೆ.

"ಸಿಎಚ್ ಆದರೇನು, ಎಂಎಚ್ ಆದರೇನು, ಎರಡೂ ಏರಿಗೆ ಒಳ್ಳೆ ಮಣ್ಣಲ್ಲ, ಕೊನೆಗೆ ಬಲ ಅಳೆಯೋಕೆ ಸಿಬಿಆರ್ ಟೆಸ್ಟ್ ನೋಡ್ತೀವಲ್ಲ" ಅಂತ ಗೆಳೆಯನೊಬ್ಬ ಫೋನಿನಲ್ಲಿ ಸಮಾಧಾನ ಹೇಳಿದ. ಅರ್ಧ ಒಪ್ಪುತ್ತೇನೆ. ಈ ಪರೀಕ್ಷೆ ನಾದಿದ ಮಣ್ಣಿನದು, ಏರಿಯಲ್ಲಿ ರೋಲರ್ ಕೆಳಗೆ ಕೂತ ಮಣ್ಣಿನ ಬಲವನ್ನು ಇದು ಹೇಳುವುದಿಲ್ಲ. ಸರಿ. ಆದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವುದು, ಆ ಬಿರುಕಿಗೆ ನೀರಿಳಿದು ಇಳಿಜಾರಿನ ಮೇಲ್ಪದರ ಜಾರುವುದು, ಇವೆಲ್ಲ ಸಿಎಚ್‌ನ ಬುದ್ಧಿ. ಒಂದು ಸಲದ ಸಿಬಿಆರ್ ಅಂಕಿಯಿಂದ ಅದು ಗೊತ್ತಾಗುವುದಿಲ್ಲ. ಮದ್ದೂ ಬೇರೆ. ಜೇಡಿಗೆ ಸುಣ್ಣ ಹಿಡಿಸುತ್ತದೆ, ಕಣಗಳು ಗುಂಪುಗೂಡುತ್ತವೆ, ಮುಖ್ಯವಾಗಿ ಪ್ಲಾಸ್ಟಿಕ್ ಲಿಮಿಟ್ ಏರಿ ಪಿಐ ಇಳಿಯುತ್ತದೆ. ಜೇಡಿಯ ಅಂಶ ಕಡಿಮೆ ಇರುವ ಸಿಲ್ಟ್‌ಗೆ ಸುಣ್ಣದಿಂದ ಅಷ್ಟು ಲಾಭವಿಲ್ಲ. ನಮ್ಮ ಹುಡುಗನೋ, ಒಂದು ಹಿಡಿ ಸುಣ್ಣ ಹಾಕದೆಯೇ ಪ್ಲಾಸ್ಟಿಕ್ ಲಿಮಿಟ್ ಎಂಟು ಏರಿಸಿದ. ಪವಾಡ ಅನ್ನಬೇಕು.

ಅವನನ್ನು ಬೈಯ್ಯಲಿಲ್ಲ. ಬೈಯ್ಯುವ ಯೋಗ್ಯತೆ ನನಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ನಾನೂ ಹೀಗೇ ಮಾಡಿದ್ದೆ. ಮೂರಕ್ಕೆ ಬಂತಾ, ಡಬ್ಬಿಗೆ ಹಾಕು. ಒಂದು ದಿನ ಹಿರಿಯ ಟೆಕ್ನೀಶಿಯನ್ ಒಬ್ಬರು ಏನೂ ಮಾತಾಡದೆ ನನ್ನ ಎಳೆಯನ್ನು ಡಬ್ಬಿಯಿಂದ ತೆಗೆದು ಉಂಡೆ ಕಟ್ಟಿದರು, ಮತ್ತೆ ಹೊಸೆದರು. ಒಂದು ಸಲ. ಎರಡು. ಐದು. ನನ್ನ ಮುಖ ನೋಡುತ್ತಲೇ ಹೊಸೆಯುತ್ತಿದ್ದರು. ಒಂಬತ್ತನೆಯದಕ್ಕೆ ಎಳೆ ಗಾಜಿನ ಮೇಲೆ ಪುಡಿಯಾಯಿತು. "ಇಷ್ಟು ದಿನ ಏನು ತೂಗಿದ್ದೆ?" ಅಂದರು. ಆ ಆರು ತಿಂಗಳ ರಿಪೋರ್ಟುಗಳ ಮೇಲೆ ಎಲ್ಲೆಲ್ಲಿ ಏನೇನು ಕಟ್ಟಿದರೋ! ಹಳೆ ರಸ್ತೆಗಳಲ್ಲಿ ಹೋಗುವಾಗ ಅಂಚಿನ ಬಿರುಕು ಕಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಮೊನ್ನೆ ಅದೇ ಹುಡುಗನ ಪಕ್ಕ ಕೂತು ಹೊಸೆಸಿದೆ. ಆರನೇ ಸುತ್ತಿಗೆ "ಸಾರ್, ಇದು ಗಟ್ಟಿ ಆಗ್ತಿದೆ" ಅಂದ. ಎಂಟನೆಯದಕ್ಕೆ ಎಳೆ ಮುರಿದಾಗ ಅವನೇ ಗಾಬರಿಯಾಗಿ ನನ್ನ ಕಡೆ ನೋಡಿದ, ತಾನು ಏನೋ ಕೆಡಿಸಿದೆ ಅಂದುಕೊಂಡು. ನಗು ಬಂತು.

ರಿಪೋರ್ಟ್ ತಿದ್ದಿ ಸಿಎಚ್ ಅಂತ ಬರೆದು ಕಳಿಸಿದ್ದೇನೆ. ಪಿಐ 32, ಕರಾರಿಗೆ ಹೊಂದುವುದಿಲ್ಲ, ಸುಣ್ಣ ಬೆರೆಸಿ ಮತ್ತೆ ಪರೀಕ್ಷೆ ಮಾಡಿ ಅಥವಾ ಬೇರೆ ಗುಂಡಿ ನೋಡಿ. ಕಂಟ್ರಾಕ್ಟರ್ ನಿನ್ನೆಯಿಂದ ನನ್ನ ಫೋನ್ ಎತ್ತುತ್ತಿಲ್ಲ. ಹೆಂಟೆ ಇನ್ನೂ ಡ್ಯಾಶ್‌ಬೋರ್ಡ್ ಮೇಲೇ ಇದೆ, ಬೇಕಾದವರು ಬಂದು ಮುರಿದು ನೋಡಬಹುದು.